ಹಾರ್ನ್ ಮಾಮ

ತಂಗಿ ತೀರಿಕೊಂಡ ಮಾರನೇ ದಿನ, ಅವಳಿಗೆ ಗುದ್ದಿದ ಬ್ರೆಡ್ ವ್ಯಾನಿನ ಡ್ರೈವರನ ಕಪಾಳಕ್ಕೆ ನಾನು ಬಾರಿಸಿದೆ. ಅದೂ ಪೊಲೀಸ್ ಠಾಣೆಯಲ್ಲಿ, ಇನ್ಸ್‌ಪೆಕ್ಟರ್ ಎದುರಿಗೇ.

"ಹಾರ್ನ್ ಹೊಡೆದೆ ಸಾರ್, ಎರಡು ಸಲ ಹೊಡೆದೆ," ಅಂದಿದ್ದ ಅವನು. "ಮೇಡಂ ಕೈ ಎತ್ತಿದ್ರು. ಅವರಿಗೆ ಕೇಳಿಸ್ತು, ಪಕ್ಕದಲ್ಲೇ ಇರ್ತಾರೆ ಅಂದ್ಕೊಂಡೆ. ಅಷ್ಟರಲ್ಲಿ ಗುಂಡಿ ತಪ್ಪಿಸೋಕೆ ರಸ್ತೆ ಒಳಗೆ ಬಂದುಬಿಟ್ರು."

"ಕೈ ಎತ್ತಿದ್ಲಾ? ನಿನಗೇನು ಟಾಟಾ ಮಾಡಿದ್ಲೇನೋ?" ಎಂದು ಕೈ ಬೀಸಿದೆ. ಭಾವ, ಅಂದರೆ ತಂಗಿಯ ಗಂಡ, ಬೆಂಚಿನ ಮೇಲೆ ಕೂತೇ ಇದ್ದರು. ತಡೆಯಲಿಲ್ಲ. ಹಾರ್ನ್ ಹೊಡೆಯದೆ ಗುದ್ದಿದ, ಈಗ ಸುಳ್ಳು ಹೇಳುತ್ತಿದ್ದಾನೆ ಎಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿರಲಿಲ್ಲ. ಯಾಕೆಂದರೆ ಓಡುವಾಗ ಅವಳ ಒಂದು ಕಿವಿ ಇಯರ್‌ಫೋನ್ ಇಲ್ಲದೆ ಖಾಲಿ ಇತ್ತು, ಹೊಡೆದಿದ್ದರೆ ಕೇಳಿಸುತ್ತಿತ್ತು. ಅದು ನನ್ನ ನಿಯಮ.

ನಾನು ಓಟದ ಕೋಚ್. ತಂಗಿಯೂ ಸೇರಿ ಅರವತ್ತು ಜನರಿಗೆ ಬೆಳಗಾಗೆದ್ದು ಬೈಯುವುದೇ ನನ್ನ ಹೊಟ್ಟೆಪಾಡು. ಕಿವಿಗೆ ಹಾಡು ಹಾಕಿಕೊಂಡರೆ ಕಾಲು ಹಾಡಿನ ತಾಳಕ್ಕೆ ಓಡುತ್ತದೆ, ಪಾಡ್‌ಕಾಸ್ಟ್ ಹಾಕಿಕೊಂಡರೆ ತಲೆ ರಸ್ತೆ ಬಿಟ್ಟು ಮಾತಿನ ಹಿಂದೆ ಹೋಗುತ್ತದೆ ಎಂದು ಎರಡನ್ನೂ ನಿಷೇಧಿಸಿದ್ದೆ. ಎಷ್ಟು ಹೇಳಿದರೂ ಇಯರ್‌ಫೋನ್ ಬಿಡಲೊಲ್ಲರು. ಕೊನೆಗೆ ನಾನೇ ಫೋನ್ ಹಿಡಿದು ನಮ್ಮ ದಾರಿಯಲ್ಲಿ ಓಡುತ್ತಾ ನಲವತ್ತು ನಿಮಿಷ ರೆಕಾರ್ಡ್ ಮಾಡಿದೆ. "ಈಗ ಮೂರು ನಿಮಿಷ ಜೋರು, ಭುಜ ಸಡಿಲ ಬಿಡಿ, ಹಲ್ಲು ಕಚ್ಚಬೇಡಿ." ಇದನ್ನು ಒಂದೇ ಕಿವಿಯಲ್ಲಿ, ಸಣ್ಣ ದನಿಯಲ್ಲಿ ಕೇಳಬೇಕು, ರಸ್ತೆ ಕಡೆಯ ಕಿವಿ ಖಾಲಿ ಇರಬೇಕು ಎಂದೆ. ಏನೋ ದೊಡ್ಡ ಬುದ್ಧಿವಂತಿಕೆ ಮಾಡಿದವನಂತೆ ಬೀಗಿದೆ.

ಠಾಣೆಯಲ್ಲಿ ಹೊಡೆದ ದಿನ ಸಂಜೆ ಪೊಲೀಸರು ಅವಳ ಫೋನ್ ಕೊಟ್ಟರು. ತೆರೆದರೆ ನನ್ನ ರೆಕಾರ್ಡಿಂಗ್ ಇಪ್ಪತ್ತೆರಡು ನಿಮಿಷ ಮೂವತ್ನಾಲ್ಕು ಸೆಕೆಂಡಿನಲ್ಲಿ ನಿಂತಿತ್ತು. ಅವಳ ಇಯರ್‌ಫೋನ್ ಕಿವಿಯಿಂದ ಕಳಚಿದರೆ ಆಡಿಯೋ ತಾನಾಗಿ ನಿಲ್ಲುತ್ತದೆ. ಅವಳು ಬಿದ್ದ ಗಳಿಗೆ ಅದು. ಅಲ್ಲಿಂದಲೇ ಮುಂದಕ್ಕೆ ಕೇಳಿದೆ.

ನಾಲ್ಕೇ ಸೆಕೆಂಡು. ಪೀಂ ಪೀಂ. ಎರಡು ಹಾರ್ನ್. ಹಿಂದೆಯೇ ನನ್ನ ಕಿರುಚಾಟ: "ಆಯ್ತು ಮಾರಾಯ, ಕೇಳಿಸ್ತು!"

ಹಿಂದಕ್ಕೆ ಎಳೆದು ಮತ್ತೊಮ್ಮೆ ಕೇಳಿದೆ. ರೆಕಾರ್ಡ್ ಮಾಡಿದ ದಿನ ಅದೇ ಜಾಗದಲ್ಲಿ ಯಾವನೋ ನನ್ನ ಹಿಂದೆ ಹಾರ್ನ್ ಹೊಡೆದಿದ್ದ. ಆಚೆ ಬದಿಯ ಪಾದಚಾರಿ ದಾರಿ ಅಗೆದಿದ್ದರಿಂದ, ವಾಹನಗಳಿಗೆ ಬೆನ್ನು ಹಾಕಿ ನಾವು ಓಡುವ ಜಾಗ ಅದೊಂದೇ. ಗುಂಪಿನವರಿಗೆ ಅದು ತಮಾಷೆಯಾಗಿ ಹೋಯಿತು. ಕಾಣದ ಆ ಮನುಷ್ಯನಿಗೆ ಹಾರ್ನ್ ಮಾಮ ಎಂದು ಹೆಸರಿಟ್ಟು, ಹಾರ್ನ್ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಿ ನಮಸ್ಕಾರ ಹೇಳುತ್ತಿದ್ದರು. ಅಳಿಸಿಬಿಡುತ್ತೇನೆ ಎಂದಾಗ ತಂಗಿಯೇ ಬೇಡವೆಂದಿದ್ದಳು. "ತೆಗೀಬೇಡ ಅಣ್ಣ, ನಿನ್ನ ಪ್ರವಚನದಲ್ಲಿ ಕೇಳೋ ಹಾಗಿರೋದು ಅದೊಂದೇ."

ಒಂದೇ ಕಿವಿಗೆ ದನಿ ಯಾವ ದಿಕ್ಕಿನದು ಎಂದು ಗೊತ್ತಾಗುವುದಿಲ್ಲ. ಹಿಂದಿನದೋ, ಪಕ್ಕದ್ದೋ, ಕಿವಿಯೊಳಗಿನದೋ. ವ್ಯಾನಿನ ಹಾರ್ನ್ ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಅದು ರೆಕಾರ್ಡಿಂಗಿನ ಹಾರ್ನ್ ಮಾಮ ಅಂದುಕೊಂಡು ಕೈ ಎತ್ತಿದಳು.

ಮರುದಿನ ಬೆಳಿಗ್ಗೆ ಠಾಣೆಗೆ ಹೋಗಿ ಅಷ್ಟನ್ನೂ ಹೇಳಿದೆ. ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. "ಇದನ್ನ ಬರೆದುಕೊಟ್ರೆ ಕೇಸು ಸಡಿಲ ಆಗುತ್ತೆ. ಮನೇಲಿ ಕೇಳಿದೀರಾ?"

ಕೇಳಿರಲಿಲ್ಲ. ಬರೆದುಕೊಟ್ಟೆ. ಡ್ರೈವರ್ ಕೆನ್ನೆ ಮುಟ್ಟಿಕೊಂಡು ನಿಂತಿದ್ದ. ಕ್ಷಮಿಸು ಎಂದೆ. "ಆದ್ರೂ ನಾನು ಬ್ರೇಕ್ ಹಾಕ್ಬೇಕಿತ್ತು ಸಾರ್," ಎಂದು ಅಳತೊಡಗಿದ.

ಭಾವನ ಮನೆಯಲ್ಲಿ ಅವಳ ಬಟ್ಟೆಗಳನ್ನು ಮಡಚಿ ಮಂಚದ ಮೇಲೆ ಪೇರಿಸಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

"ಹಾಗಾದ್ರೆ ಕೈ ಎತ್ತಿದಾಗ ನಗ್ತಾ ಇದ್ಳಾ?"

"ಇದ್ದಿರಬೇಕು ಭಾವ."

ಅವರು ಒಂದು ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದರು. "ಮೂರು ದಿನದಿಂದ ಆ ಡ್ರೈವರ್ ಮೇಲಿನ ಸಿಟ್ಟು ಹಿಡ್ಕೊಂಡೇ ಎದ್ದು ಓಡಾಡ್ತಿದ್ದೆ. ಅದನ್ನೂ ಕಿತ್ಕೊಂಡ್ರಿ."

"ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳಿ. ಬೈಯಿರಿ, ಹೊಡೀರಿ."

"ನಿಮಗೆ ಹೊಡೆದ್ರೆ ಅವಳು ನನ್ನ ಸುಮ್ನೆ ಬಿಡ್ತಿದ್ಳಾ?" ಎಂದರು. ಆಮೇಲೆ ತಲೆ ಎತ್ತದೆ, "ಇನ್ಮೇಲೆ ಈ ಕಡೆ ಬರಬೇಡಿ. ನಿಮ್ಮ ದನಿ ಕೇಳೋಕೆ ನನ್ನಿಂದ ಆಗಲ್ಲ," ಎಂದರು.