ಆರು ಬೆರಳಿನ ಮೇಲೆ ಕಳ್ಳತನದ ಆಪಾದನೆ

ಆ ಬ್ರೈಲ್ ಪ್ರೆಸ್ಸಿನಲ್ಲಿ ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ಆಕೆಗಿಂತ ಹತ್ತು ವರ್ಷ ದೊಡ್ಡವನಾದ ಮೆಷಿನ್‌ಮ್ಯಾನ್ ಕೂಡ ಅಕ್ಕ ಎಂದೇ ಕರೆಯುತ್ತಿದ್ದ. ಹಾಗೆ ಕರೆಯದವಳು ಒಬ್ಬಳೇ, ಬೈಂಡಿಂಗ್ ಮೇಜಿನ ನಾದಿನಿ. ಅವಳಿಗೆ ಈಕೆ ಅತ್ತಿಗೆ, ಮನೆಯಲ್ಲೂ ಅತ್ತಿಗೆ, ಪ್ರೆಸ್ಸಿನಲ್ಲೂ ಅತ್ತಿಗೆ. ಅಕ್ಕನಿಗೆ ಎಂಟನೇ ವಯಸ್ಸಿನಿಂದ ಕಣ್ಣು ಕಾಣುವುದಿಲ್ಲ. ಅದರಿಂದ ಆಕೆಯ ನಾಲಿಗೆಯ ಹರಿತವೇನೂ ಕಡಿಮೆಯಾಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಹತ್ತನೇ ತರಗತಿಯ ಗಣಿತ ಪುಸ್ತಕದ ಕೊನೆಯ ಪಾಠದಲ್ಲಿ ಹನ್ನೊಂದು ಪುಟ ಬಾಕಿ. ಒಂಬತ್ತು ಹುಡುಗಿಯರಿಗೆ ಗುರುವಾರ ಪರೀಕ್ಷೆ. ಅವರ ಶಾಲೆಯ ವ್ಯಾನು ಇವತ್ತು ಸಂಜೆ ನಾಲ್ಕಕ್ಕೆ ಬಂದು ಒಂಬತ್ತು ಪ್ರತಿ ಒಯ್ಯಬೇಕು. ವ್ಯಾನು ಖಾಲಿ ಹೋದರೆ ಆ ಪಾಠವನ್ನು ಅವರು ಯಾರೋ ಓದಿ ಹೇಳಿದಷ್ಟರಲ್ಲೇ ಕಲಿಯಬೇಕು. ಲೆಕ್ಕ ಕಿವಿಗೆ ಹತ್ತುವುದಿಲ್ಲ, ಬೆರಳಿಗೆ ಹತ್ತಬೇಕು. ಅದು ಅಕ್ಕನಿಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತಿದ್ದೀತು?

ಮಾತಿನ ಪಾಠವಾದರೆ ಕಂಪ್ಯೂಟರೇ ಬ್ರೈಲಿಗೆ ತಿರುಗಿಸುತ್ತದೆ. ಲೆಕ್ಕವನ್ನು ಮಾತ್ರ ಚುಕ್ಕಿ ಚುಕ್ಕಿಯಾಗಿ ಕೈಯಲ್ಲೇ ಹಾಕಬೇಕು. ಅದಕ್ಕೆಂದೇ ಅಕ್ಕ ಹನ್ನೆರಡು ವರ್ಷದ ಹಿಂದೆ ತಾನೇ ಒಂದು ಪ್ರೋಗ್ರಾಮ್ ಬರೆದಿದ್ದಳು. ಅದರ ಹೆಸರು 'ಆರು ಬೆರಳು'. ಕೀಬೋರ್ಡಿನ ಆರು ಕೀಲಿ ಆರು ಚುಕ್ಕಿಗೆ, ಬೇಕಾದವನ್ನು ಒಟ್ಟಿಗೆ ಒತ್ತಿದರೆ ಬ್ರೈಲಿನ ಒಂದು ಅಕ್ಷರ. ನಾದಿನಿ ಪಕ್ಕದಲ್ಲಿ ಕೂತು ಲೆಕ್ಕ ಓದುವಳು, ಅಕ್ಕನ ಬೆರಳು ಕುಣಿಯುವುದು. ಇಬ್ಬರೂ ಸೇರಿ ಈ ಹನ್ನೆರಡು ವರ್ಷದಲ್ಲಿ ನಲವತ್ತು ಪುಸ್ತಕ ಮುಗಿಸಿದ್ದರು. ಆ ಪ್ರೋಗ್ರಾಮಿನ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಹಳೇ ಡಿಸ್ಕಿನ ಜೊತೆ ಎಂದೋ ಸತ್ತುಹೋಗಿತ್ತು. ಉಳಿದದ್ದು ಓಡುವ ಫೈಲು ಒಂದೇ.

ಅಕ್ಕ ಎಂಟರ್ ಒತ್ತಿದಳು. ತೆರೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತನ್ನ ಚಪ್ಪೆ ದನಿಯಲ್ಲಿ, "ಫೈಲು ಸಿಗಲಿಲ್ಲ" ಎಂದಿತು. ಮತ್ತೆ ಒತ್ತಿದಳು. ಮತ್ತೆ ಅದೇ ರಾಗ.

"ಯಾರು ಮುಟ್ಟಿದ್ದು ಇದನ್ನ?"

ಮ್ಯಾನೇಜರ್ ಬಾಗಿಲಲ್ಲೇ ಇದ್ದ. ಒಳ್ಳೆಯವನು, ಆದರೆ ಅರ್ಧ ತಿಳಿದದ್ದನ್ನು ಪೂರ್ತಿ ಧೈರ್ಯದಿಂದ ಮಾಡುವ ಗಿರಾಕಿ. "ಅಕ್ಕ, ನಿನ್ನೆ ಸಾಯಂಕಾಲ ಎಲ್ಲಾ ಕಂಪ್ಯೂಟರಿಗೂ ಹೊಸ ಆ್ಯಂಟಿವೈರಸ್ ಹಾಕಿದೆ. ಏನೋ ಒಂದು ಕಳ್ಳ ಪ್ರೋಗ್ರಾಮ್ ಹಿಡೀತು ಅಂತ ತೋರಿಸ್ತು. ನಿಮ್ಮದು ಅಂತ ನಂಗೇನು ಗೊತ್ತು?"

"ಕಳ್ಳ ಪ್ರೋಗ್ರಾಮಾ?"

"ಒತ್ತೋ ಕೀಲಿಯನ್ನೆಲ್ಲ ಕದ್ದು ನೋಡುತ್ತೆ, ಪಾಸ್‌ವರ್ಡ್ ಕದಿಯೋ ಜಾತಿದು ಅಂತ ಬಂತು."

ಅಕ್ಕನ ಮೈ ಉರಿದುಹೋಯಿತು. ಕೀಲಿಯನ್ನೆಲ್ಲ ನೋಡದೆ ಆರು ಕೀಲಿಯಿಂದ ಒಂದು ಅಕ್ಷರ ಮಾಡುವುದು ಹೇಗೆ? ನಿಜ, ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮೂ ಹಾಗೇ ನೋಡುತ್ತದೆ. ನಡಿಗೆ ಒಂದೇ ಥರ ಇದೆ ಎಂದು ದಾರಿಹೋಕರನ್ನೆಲ್ಲ ಠಾಣೆಗೆ ಎಳೆದೊಯ್ಯುವ ಕಾವಲುಗಾರ ಇದು. ನಲವತ್ತು ಪುಸ್ತಕ ಹೊತ್ತ ಪ್ರೋಗ್ರಾಮಿಗೆ ಕಳ್ಳ ಎಂಬ ಬಿರುದು. ತನ್ನನ್ನೇ ಯಾರೋ ಬೀದಿಯಲ್ಲಿ ನಿಲ್ಲಿಸಿ ಚೀಲ ತಡಕಿದಷ್ಟು ಅವಮಾನವಾಯಿತು ಆಕೆಗೆ.

"ಇರಲಿ, ನನ್ನ ಹತ್ತಿರ ನಕಲಿದೆ" ಎಂದು ಪರ್ಸಿನಿಂದ ಪೆನ್‌ಡ್ರೈವ್ ತೆಗೆದಳು. ಮ್ಯಾನೇಜರ್ ಸಹಾಯ ಮಾಡುವ ಹುರುಪಿನಲ್ಲಿ ಅದನ್ನು ಕಿತ್ತುಕೊಂಡು ಚುಚ್ಚಿಯೇ ಬಿಟ್ಟ. ಎರಡು ಕ್ಷಣ. ಟಿಣ್ ಎಂದಿತು.

"ಅಯ್ಯೋ ಅತ್ತಿಗೆ" ಎಂದಳು ನಾದಿನಿ. "ಅದನ್ನೂ ನುಂಗ್ತು. ಒಂದು ಅಪಾಯ ತಡೆಯಲಾಗಿದೆ ಅಂತ ಬರೆದಿದೆ."

ನಿನ್ನೆ ಅಸಲು ಹೋಗಿತ್ತು, ಈಗ ನಕಲೂ ಹೋಯಿತು. ಮ್ಯಾನೇಜರ್ ಪಕ್ಕದ ಕುರ್ಚಿಯಲ್ಲಿ ಕೂತು ಮೌಸ್ ಹಿಡಿದ. "ಅಕ್ಕ, ನೀವು ತಲೆ ಕೆಡಿಸ್ಕೋಬೇಡಿ. ಈ ದರಿದ್ರ ಆ್ಯಂಟಿವೈರಸ್ಸನ್ನೇ ಕಿತ್ತುಹಾಕ್ತೀನಿ. ಎಲ್ಲಾ ಸರಿಹೋಗುತ್ತೆ."

"ಕೈ ತೆಗೀರಿ ಸಾರ್."

ಆ ದನಿಗೆ ಮ್ಯಾನೇಜರನ ಕೈ ತಾನಾಗಿಯೇ ಮೌಸಿನಿಂದ ಎದ್ದಿತು.

"ಅದು ನನ್ನ ಫೈಲನ್ನ ಅಳಿಸಿಲ್ಲ. ತನ್ನ ಕೋಣೇಲಿ ಕೂಡಿಹಾಕಿ ಬೀಗ ಹಾಕಿದೆ. ಕ್ವಾರಂಟೈನ್ ಅಂದ್ರೆ ಅದೇ. ನೀವು ಕೋಣೇನೇ ಕೆಡವಿದ್ರೆ ಒಳಗಿರೋದೂ ಅದರ ಜೊತೆ ಹೋಗಬಹುದು. ಪೆನ್‌ಡ್ರೈವನ್ನೂ ಕೀಳಬೇಡಿ. ಇನ್ನೇನನ್ನೂ ಚುಚ್ಚಬೇಡಿ. ಕುರ್ಚಿ ಬಿಡಿ, ನನ್ನ ನಾದಿನಿ ಕೂರಲಿ."

ನಾದಿನಿ ಅಂಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತಳು. ಅಕ್ಕನಿಗೆ ಅವಳೇ ಬೇಕಿತ್ತು. ಆ್ಯಂಟಿವೈರಸ್ಸಿನ ಕಿಟಕಿ ತೆರೆದರೆ ಸ್ಕ್ರೀನ್ ರೀಡರ್ "ಬಟನ್, ಬಟನ್, ಬಟನ್" ಎಂದಷ್ಟೇ ಹೇಳುತ್ತಿತ್ತು. ಮಾಡಿದವರು ಬಟನ್ನುಗಳಿಗೆ ಚಿತ್ರ ಅಂಟಿಸಿದ್ದರು, ಹೆಸರು ಕೊಟ್ಟಿರಲಿಲ್ಲ. ಏನು ಮಾಡಬೇಕೆಂದು ಅಕ್ಕನಿಗೆ ಗೊತ್ತು, ಎಲ್ಲಿದೆ ಎಂದು ನಾದಿನಿಗೆ ಕಾಣುತ್ತದೆ. ಪುಸ್ತಕ ಮಾಡುವಾಗಲೂ ಅವರ ಸಂಸಾರ ಹೀಗೇ ನಡೆಯುತ್ತಿದ್ದದ್ದು.

"ಕ್ವಾರಂಟೈನ್ ಅಂತ ಎಲ್ಲಿದೆ ನೋಡು."

"ಸಿಕ್ತು. ಎರಡು ಸಾಲಿದೆ. ಒಂದು ನಿನ್ನೆ ಸಂಜೆದು, ಒಂದು ಈಗಿಂದು. ಮೂವತ್ತು ದಿನ ಆದಮೇಲೆ ತಾನೇ ಅಳಿಸುತ್ತೆ ಅಂತ ಕೆಳಗಡೆ ಬರೆದಿದೆ."

ಅಕ್ಕ ತನ್ನ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಇದೆ. ಇನ್ನೂ ಇದೆ.

"ಪಕ್ಕದಲ್ಲಿ ಎರಡು ಚಿತ್ರ ಇದೆ ಅತ್ತಿಗೆ. ಒಂದು ಬಾಗಿದ ಬಾಣ, ಒಂದು ಕಸದ ಡಬ್ಬಿ. ಬಾಣ ಒತ್ತಲಾ?"

"ಡಬ್ಬಿ ಹತ್ತಿರ ಹೋದೆಯೋ, ಇವತ್ತಿಗೆ ನಿನ್ನ ನನ್ನ ಮಾತು ಬಿಟ್ಟಿತು. ಬಾಣಾನೂ ಈಗಲೇ ಬೇಡ. ಈಗ ಬಿಡಿಸಿದ್ರೆ ಹೊರಗೆ ಬಂದ ತಕ್ಷಣ ಮತ್ತೆ ಹಿಡಿಯುತ್ತೆ. ಮೊದಲು ಅದಕ್ಕೆ ಹೇಳಬೇಕು, ಇವನು ನಮ್ಮವನು ಅಂತ. ಆ ಫೈಲು ಮೊದಲು ಎಲ್ಲಿತ್ತು, ಪೂರ್ತಿ ವಿಳಾಸ ಬರೆದಿರುತ್ತೆ. ಒಂದೊಂದೇ ಅಕ್ಷರ ಓದು."

ನಾದಿನಿ ಸೆಟ್ಟಿಂಗ್ಸಿನಲ್ಲಿ 'ವಿನಾಯಿತಿ' ಎಂಬ ಪಟ್ಟಿ ಹುಡುಕಿದಳು. ಮ್ಯಾನೇಜರ್ ಹಿಂದಿನಿಂದ, "ಇಡೀ ಸಿ ಡ್ರೈವಿಗೇ ವಿನಾಯಿತಿ ಕೊಟ್ಟುಬಿಡಿ, ತಂಟೆನೇ ಬೇಡ" ಎಂದ.

"ಹಾಗಾದ್ರೆ ಕಾವಲುಗಾರ ಯಾಕೆ ಬೇಕು? ನಾಳೆ ನಿಜವಾದ ಕಳ್ಳ ಬಂದ್ರೆ ಅವನಿಗೂ ನೀವೇ ನೀರು ಕೊಟ್ಟು ಕೂರಿಸ್ತೀರಿ. ಈ ಒಂದು ಫೈಲಿಗೆ, ಈ ಒಂದು ಜಾಗದಲ್ಲಿ. ಸಾಕು."

ಫೈಲು ಅಲ್ಲಿಲ್ಲದ ಕಾರಣ ತೋರಿಸಿ ಆಯ್ದುಕೊಳ್ಳುವಂತಿರಲಿಲ್ಲ. ನಾದಿನಿ ಓದಿದಳು, ಅಕ್ಕ ಟೈಪ್ ಮಾಡಿದಳು. ಉಳಿಸಿದರು. ಆಮೇಲೆ ನಿನ್ನೆಯ ಸಾಲಿನ ಮುಂದಿದ್ದ ಬಾಗಿದ ಬಾಣ ಒತ್ತಿದರು. ಟಿಣ್ ಎನ್ನಲಿಲ್ಲ. ಅಕ್ಕ ಫೋಲ್ಡರಿಗೆ ಹೋದಳು. "ಆರು ಬೆರಳು" ಎಂದಿತು ಚಪ್ಪೆ ದನಿ. ಹನ್ನೆರಡು ವರ್ಷದಲ್ಲಿ ಆ ದನಿ ಮೊದಲ ಸಲ ಇಂಪಾಗಿ ಕೇಳಿತು.

"ಬಂತಲ್ಲ, ಒತ್ತಿ ಅಕ್ಕ" ಎಂದ ಮ್ಯಾನೇಜರ್. "ಹನ್ನೊಂದೂವರೆ ಆಗ್ತಾ ಬಂತು."

ಅಕ್ಕ ಒತ್ತಲಿಲ್ಲ. ಮೇಜಿನ ಖಾನೆಯ ತಳದಿಂದ ಒಂದು ದಪ್ಪ ಬ್ರೈಲ್ ಕಾರ್ಡು ತೆಗೆದಳು. ಅಂಚು ಸವೆದಿತ್ತು, ಚುಕ್ಕಿಗಳು ಗಟ್ಟಿಯಾಗಿದ್ದವು.

"ನನ್ನ ಪ್ರೋಗ್ರಾಮ್ ಕಳ್ಳ ಅಲ್ಲ ಅಂತ ನಂಗೆ ಗೊತ್ತು. ಆದ್ರೆ ಮಧ್ಯದಲ್ಲಿ ಯಾವುದಾದ್ರೂ ನಿಜವಾದ ವೈರಸ್ ಅದರೊಳಗೆ ಸೇರಿಕೊಂಡಿದ್ರೆ? ಮಗ ಒಳ್ಳೆಯವನು ಅಂತ ತಾಯಿ ಹೇಳಿದ್ರೆ ಯಾರು ಕೇಳ್ತಾರೆ? ಸಾಕ್ಷಿ ಬೇಕು."

ಬರೆದು ಮುಗಿಸಿದ ದಿನವೇ ಅಕ್ಕ ಆ ಫೈಲಿನ ಗುರುತು ಸಂಖ್ಯೆ ತೆಗೆದು ಈ ಕಾರ್ಡಿನ ಮೇಲೆ ಒತ್ತಿಟ್ಟಿದ್ದಳು. ಅಂಕಿ, ಅಕ್ಷರ ಸೇರಿ ಅರವತ್ತನಾಲ್ಕು. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಈಗ ಕಂಪ್ಯೂಟರಿಗೆ ಆಜ್ಞೆ ಕೊಟ್ಟು ಮತ್ತೆ ಲೆಕ್ಕ ಹಾಕಿಸಿದಳು. ಸ್ಕ್ರೀನ್ ರೀಡರ್ ಒಂದೊಂದೇ ಹೇಳುತ್ತ ಹೋಯಿತು. ಅಕ್ಕನ ಬಲಗೈ ಬಾಣದ ಕೀಲಿಯ ಮೇಲೆ, ಎಡಗೈ ತೋರುಬೆರಳು ಕಾರ್ಡಿನ ಮೇಲೆ. ಏಳು. ಸಿ. ಸೊನ್ನೆ. ನಾಲ್ಕು. ಮೆಷಿನ್‌ಮ್ಯಾನ್ ಕೆಲಸ ಬಿಟ್ಟು ಬಂದು ನಿಂತ. ನಲವತ್ತನೆಯದರಲ್ಲಿ ಬೆರಳು ಒಮ್ಮೆ ನಿಂತಾಗ ನಾದಿನಿ ಕಾರ್ಡಿನ ಮೇಲೆ ಬಗ್ಗಿದಳು. ಒಂದು ಚುಕ್ಕಿ ಸವೆದಿತ್ತು ಅಷ್ಟೇ. ಅಕ್ಕ ಉಗುರಿನಿಂದ ಕೆರೆದು ನೋಡಿ ಮುಂದೆ ಹೋದಳು.

ಅರವತ್ತನಾಲ್ಕೂ ಕೂಡಿದವು.

"ಬರೆದ ದಿನ ಹೇಗಿತ್ತೋ ಹಾಗೇ ಇದೆ" ಎಂದಳು ಅಕ್ಕ. ಜಂಬವೇ ಸರಿ, ಜಂಬ ಪಡಬೇಕಾದದ್ದೇ. "ಈಗ ಲೆಕ್ಕ ಓದು."

ನಾದಿನಿ ಓದಿದಳು, ಆರು ಬೆರಳು ಕುಣಿದವು. ಊಟಕ್ಕೂ ಏಳಲಿಲ್ಲ. ಎರಡಕ್ಕೆ ಹನ್ನೊಂದು ಪುಟವೂ ಮುಗಿದವು. ಅಚ್ಚು ಮೆಷಿನ್ನು ದಡದಡ ಚುಕ್ಕಿ ಹೊಡೆಯಿತು. ನಾದಿನಿ ಒಂಬತ್ತು ಪ್ರತಿಗೂ ಸುರುಳಿ ಹಾಕಿ ಬಿಗಿದಳು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಮ್ಯಾನೇಜರೇ ಕಟ್ಟು ಹೊತ್ತು ವ್ಯಾನಿಗೆ ಇಟ್ಟ. ಅದು ಅವನು ಕೇಳಿದ ಕ್ಷಮೆ ಎಂದು ಅಕ್ಕ ತಿಳಿದುಕೊಂಡಳು.

ಆದರೂ ಆಕೆಗೆ ಸಮಾಧಾನವಿಲ್ಲ. ವಿನಾಯಿತಿ ಎಂದರೆ ಏನು, ಶಿಫಾರಸಿನ ಮೇಲೆ ಒಳಗೆ ಬಿಟ್ಟಂತೆ. ಆರು ಬೆರಳಿಗೆ ಯಾರ ಶಿಫಾರಸೂ ಬೇಡ. ವ್ಯಾನು ಹೋದ ಮೇಲೆ ಆ್ಯಂಟಿವೈರಸ್ ಕಂಪನಿಯ ಜಾಲತಾಣದಲ್ಲಿ 'ತಪ್ಪಾಗಿ ಹಿಡಿದಿದ್ದೀರಿ' ಎಂದು ತಿಳಿಸುವ ಅರ್ಜಿ ತೆರೆಸಿದಳು. ಫೈಲಿನ ನಕಲು ಸೇರಿಸಿ, ಅದು ಕೀಲಿಗಳನ್ನು ಏಕೆ ನೋಡುತ್ತದೆ ಎಂದು ವಿವರಿಸಿದಳು.

"ಪ್ರೋಗ್ರಾಮ್ ತಯಾರಕರು ಯಾರು ಅಂತ ಕೇಳ್ತಿದೆ ಅತ್ತಿಗೆ. ಪ್ರೆಸ್ಸಿನ ಹೆಸರು ಹಾಕಲಾ?"

ಹನ್ನೆರಡು ವರ್ಷ ಯಾರಾದರೂ ಕೇಳಿದರೆ, ಏನೋ ಹೀಗೆ ಮಾಡಿಕೊಂಡಿದ್ದೀನಿ ಎಂದು ತೇಲಿಸಿಬಿಡುತ್ತಿದ್ದಳು ಅಕ್ಕ. ಈ ಸಲ ನೆಟ್ಟಗೆ ಕೂತು ತನ್ನ ಪೂರ್ತಿ ಹೆಸರು ಹೇಳಿದಳು, ಒಂದಕ್ಷರವೂ ತಪ್ಪದ ಹಾಗೆ ಎರಡು ಸಲ.

ನಾಲ್ಕು ದಿನದ ಮೇಲೆ ಉತ್ತರ ಬಂತು. ಫೈಲನ್ನು ಪರೀಕ್ಷಿಸಿದ್ದೇವೆ, ಯಾವ ದೋಷವೂ ಇಲ್ಲ, ತಪ್ಪು ನಮ್ಮದು, ಇಂದಿನ ಅಪ್‌ಡೇಟಿನಲ್ಲಿ ಸರಿಪಡಿಸಿದ್ದೇವೆ ಎಂದು. ಅಕ್ಕ ಮೊದಲು ಅಪ್‌ಡೇಟ್ ಮಾಡಿಸಿದಳು. ಆಮೇಲೆ ವಿನಾಯಿತಿ ಪಟ್ಟಿಯಿಂದ ಆರು ಬೆರಳನ್ನು ತೆಗೆಸಿದಳು. ನಾದಿನಿ ಬೇಡ ಅತ್ತಿಗೆ ಎಂದರೂ ಕೇಳದೆ ಸ್ಕ್ಯಾನ್ ಮಾಡಿಸಿದಳು. ಕಾವಲುಗಾರ ಅದರ ಮುಂದೆ ಹಾದು ಹೋದ, ಕೈ ಹಾಕಲಿಲ್ಲ.

ಕಂಪನಿಯ ಆ ಉತ್ತರವನ್ನು ಅಕ್ಕ ಆರು ಬೆರಳಿನಲ್ಲೇ ಬ್ರೈಲಿಗೆ ಹಾಕಿ, ಮ್ಯಾನೇಜರನ ಬಾಗಿಲಿಗೆ ಅಂಟಿಸಿದಳು. ಅವನು ಬಂದು ಬಿಳಿ ಹಾಳೆಯನ್ನು ಮೇಲೆ ಕೆಳಗೆ ನೋಡಿದ. ಹದಿನಾರು ವರ್ಷ ಬ್ರೈಲ್ ಪ್ರೆಸ್ ನಡೆಸಿದವನಿಗೆ ಒಂದು ಅಕ್ಷರ ಓದಲು ಬಾರದು.

"ಏನಿದೆ ಅಕ್ಕ ಇದರಲ್ಲಿ?"

ಅಕ್ಕ ಅವನ ತೋರುಬೆರಳು ಹಿಡಿದು ಮೊದಲ ಸಾಲಿನ ಮೇಲೆ ಇಟ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ನಡೆಸಿದಳು.

"ಇದು 'ತಯಾರಕರಿಗೆ' ಅಂತ. ಇನ್ನು ಮುಂದಿನದು ನನ್ನ ಹೆಸರು. ಮೆಲ್ಲಗೆ ಓದಿ ಸಾರ್, ಅವಸರ ಇಲ್ಲ."