ಟ್ರಂಕ್ ಕಾಲ್‌ನಲ್ಲಿ ಬಂದ ಪ್ರೋಗ್ರಾಂ

ಚಿತ್ರದುರ್ಗದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಏಕಾಂತಮ್ಮ ಬೆಂಗಳೂರಿಗೆ ಹೋಗಿ ಆರು ವಾರ ಕಂಪ್ಯೂಟರ್ ತರಬೇತಿ ಪಡೆದಿದ್ದರು. ಅದನ್ನು ನೆನಪಿಟ್ಟುಕೊಂಡು ಹಿರಿಯೂರಿನಿಂದ ಟ್ರಂಕ್ ಕಾಲ್ ಮಾಡಿದವನು ಅವರ ಹಳೆಯ ವಿದ್ಯಾರ್ಥಿ ಕರಿಸಿದ್ದಪ್ಪ. ಕುರಿಗಳ ಉಣ್ಣೆಯ ತೂಕದ ಮೇಲೆ ಅವನು ಸಂಶೋಧನೆ ಮಾಡುತ್ತಿದ್ದ; ಅದರ ಲೆಕ್ಕ ಮಾಡುವ ಪ್ರೋಗ್ರಾಮನ್ನು ಕಾರ್ಡುಗಳಿಗೆ ಇಳಿಸಿ ಬೆಂಗಳೂರಿನ ಕಂಪ್ಯೂಟರಿಗೆ ಅಂಚೆಯಲ್ಲಿ ಕಳಿಸಿದ್ದ.

“ಮೇಡಂ, ನನ್ನ ಪ್ರೋಗ್ರಾಂ ಕೆಲ್ಸ ಮಾಡ್ತಿಲ್ರೀ. ಬೆಂಗ್ಳೂರಿಂದ ಕಾರ್ಡೆಲ್ಲ ವಾಪಸ್ ಬಂದವೆ. ನಾಳೆ ತಿರುಗಾ ಕಳಿಸ್ಬೇಕು.”

“ಜೊತೆಗೆ ಬಂದ ಕಾಗದದಾಗೆ ಏನು ಅಚ್ಚಾಗೈತಪ್ಪ?”

“ಏನೋ ಇಂಗ್ಲಿಷ್ನಾಗಿತ್ತು. ಅದನ್ನ ಎಸೆದ್ಬಿಟ್ಟೆ.”

ಏಕಾಂತಮ್ಮ ಕಣ್ಣು ಮುಚ್ಚಿಕೊಂಡರು. ತಪ್ಪು ಎಲ್ಲಿದೆ ಎಂದು ಯಂತ್ರ ಹೇಳಿದ್ದೇ ಆ ಕಾಗದದಲ್ಲಿ.

“ಹೋಗ್ಲಿ, ಬರ್ದಿದ್ದು ಯಾವ ಕಂಪ್ಯೂಟರ್ ಭಾಷೆನಾಗೆ, ಫೋರ್‌ಟ್ರಾನೋ, ಕೋಬಾಲೋ?”

“ಗೊತ್ತಿಲ್ರೀ. ಗೆಳೆಯ ಬರ್ದಿದ್ದನ್ನ ನೋಡ್ಕಂಡು ಬರ್ದೆ.”

“ಒಂದು ಕಾರ್ಡ್ ಓದು, ಕೇಳ್ತೀನಿ.”

“ಅದ್ರಾಗೆ ಅಕ್ಷರ ಇಲ್ಲ ಮೇಡಂ, ಬರೀ ತೂತವೆ.”

“ಏನು ಉತ್ತರ ಬರ್ಬೇಕಿತ್ತು, ಅದನ್ನಾದ್ರೂ ಹೇಳು.”

“ಸರಿಯಾದ ಉತ್ತರ ಬರ್ಬೇಕಿತ್ರೀ.”

ಅಷ್ಟರಲ್ಲಿ ಟ್ರಂಕ್ ಕಾಲ್‌ಗೆ ಕೊಟ್ಟಿದ್ದ ಮೂರು ನಿಮಿಷ ಮುಗಿದು ಲೈನ್ ಕಡಿಯಿತು. ಏಕಾಂತಮ್ಮ ರಿಸೀವರ್ ಹಿಡಿದೇ ನಿಂತಿದ್ದರು. ಹುಡುಗನ ಕೊರಳಲ್ಲಿದ್ದ ಆತಂಕ ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಉಳಿದದ್ದೆಲ್ಲ ಕತ್ತಲೆಯಲ್ಲಿ ಸೂಜಿ ಹುಡುಕಿದಂತೆ. ಅಂದೇ ಒಂದು ಪತ್ರ ಬರೆದು, ಈ ಸಲ ಯಂತ್ರ ಅಚ್ಚು ಹಾಕುವ ಕಾಗದವನ್ನು ಜೋಪಾನವಾಗಿಟ್ಟು ತಮಗೆ ಕಳಿಸಬೇಕೆಂದು ತಿಳಿಸಿದರು.

ಹತ್ತು ದಿನದ ಮೇಲೆ ಉತ್ತರ ಬಂತು. ಲಕೋಟೆಯಲ್ಲಿ ಅವನ ಪತ್ರವೊಂದೇ ಇತ್ತು; ಯಂತ್ರ ಅಚ್ಚು ಹಾಕಿದ ಕಾಗದ ಇರಲಿಲ್ಲ.

“ಪೂಜ್ಯ ಮೇಡಂ, ನಿಮ್ಮ ಪತ್ರ ತಲುಪುವ ಮೊದಲೇ ಕಾರ್ಡುಗಳನ್ನು ಇದ್ದ ಹಾಗೆಯೇ ಮತ್ತೆ ಕಳಿಸಿದ್ದೆ. ಈಗಲೂ ಕೆಲಸ ಮಾಡುತ್ತಿಲ್ಲ. ದಯವಿಟ್ಟು ಏನಾದರೂ ಮಾಡಿ.”