ಮೇಲ್ದುಟಿಯ ಕುರು

ದೇವಪ್ಪನ ಮೇಲ್ದುಟಿಯ ಕುರುವನ್ನು ಹೆಂಡತಿ ಬೆಳ್ಳಿಯೇ ಗಾಳದ ಮೊನೆಯಿಂದ ಚುಚ್ಚಿ, ಹೆಬ್ಬೆರಳುಗಳಿಂದ ಹಿಂಡಿದ್ದಳು. ಮರುದಿನ ಅವನು ಮೀನಿನ ಬೋಟಿಗೆ ಹೋಗಬೇಕಿತ್ತು; ತೆಂಗಿನಗುಂಡಿ ಬಂದರಿನಲ್ಲಿ ಕುರುವಿಗೆಂದು ರಜೆ ಹಾಕಿದವರಿಲ್ಲ. ಮೂರನೆಯ ದಿನ ಚಳಿಜ್ವರ ಬಂತು, ತಲೆ ಸಿಡಿಯಿತು, ಎಡಗಣ್ಣು ಬಾತು ಮುಂದಕ್ಕೆ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರ್ ಅರ್ಚನಾ ಬಾತ ರೆಪ್ಪೆ ಎತ್ತಿ, ಕಣ್ಣೆದುರು ಬೆರಳಾಡಿಸಿ ನೋಡಿದರು. ಎಡಗಣ್ಣು ಹೊರಗಡೆಗೆ ಹೊರಳಲೇ ಇಲ್ಲ.

"ಒಂದು ಕುರುವಿಗೆ ಇಷ್ಟೆಲ್ಲ ಎಂತಕ್ಕೆ ಅಮ್ಮಾ?" ಬೆಳ್ಳಿ ಕೇಳಿದಳು.

"ಮುಖದ ರಕ್ತನಾಳ ಕಣ್ಣಿನ ಮೂಲೆ ಹಾದು, ಬುರುಡೆಯೊಳಗಿನ ರಕ್ತದ ಗೂಡಿಗೆ ಸೇರ್ತದೆ. ನಡುವೆ ತಡೆಯುವ ಗಟ್ಟಿ ಬಾಗಿಲಿಲ್ಲ. ಹಿಂಡಿದಾಗ ನಂಜು ಒಳಗೆ ಹೋಗಿ ಅಲ್ಲಿ ರಕ್ತ ಹೆಪ್ಪುಗಟ್ಟಿದೆ. ಕಣ್ಣನ್ನು ಹೊರಗೆ ತಿರುಗಿಸುವ ನರ ಆ ಗೂಡಿನೊಳಗೇ, ಮಿದುಳಿನ ದೊಡ್ಡ ರಕ್ತನಾಳದ ಪಕ್ಕದಲ್ಲೇ ಇದೆ. ಬಲಗಡೆಯೂ ಅಂಥದೇ ಗೂಡು, ಎರಡರ ನಡುವೆ ದಾರಿಯಿದೆ. ಬಲಗಣ್ಣು ಬಾತರೆ ಜೀವಕ್ಕೇ ಕಷ್ಟ. ಹಿಂಡಿದ್ದು ಯಾರು?"

"ನಾನೇ," ಎಂದ ದೇವಪ್ಪ. ಸುಳ್ಳು ಹೇಳಲು ಬಾರದವನು ಇದೊಂದನ್ನು ಚೆನ್ನಾಗಿಯೇ ಹೇಳಿದ.

ಸೂಜಿಮದ್ದು ಶುರುಮಾಡಿ, ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದಾರಿಯಲ್ಲಿ ಬೆಳ್ಳಿ ಅವನ ಮುಖದ ಮೇಲೆ ಬಗ್ಗಿ ಎಡಗಣ್ಣಿನ ರೆಪ್ಪೆಯನ್ನು ಮೆಲ್ಲಗೆ ಎತ್ತಿದಳು. "ನಾನು ಕಾಣ್ತ್ನಾ?"

"ಇಬ್ಬರಾಗಿ ಕಾಣ್ತೆ ಮಾರಾಯ್ತಿ. ಒಬ್ಬಳನ್ನೇ ಸುಧಾರ್ಸೂಕೆ ಆತಿರ್ಲಿಲ್ಲ."

ಅವಳಿಗೆ ನಗು ಬರುವಷ್ಟರಲ್ಲಿ ಅವನ ಬಲಗಣ್ಣಿನ ರೆಪ್ಪೆ ಕಂಡಿತು. ಅದು ಕೆಂಪಾಗಿ ಬಾತು, ಅರ್ಧ ಮುಚ್ಚಿಕೊಂಡಿತ್ತು. ಅವನಿಗೆ ಏನೂ ಹೇಳದೆ, ಅವಳು ಡ್ರೈವರನ ಹಿಂದಿನ ಗಾಜನ್ನು ಎರಡೂ ಕೈಯಿಂದ ಬಡಿಯತೊಡಗಿದಳು.